"ನಿನ್ನ ಹೆಸರಿನ ಅರ್ಥ ಬರಿ" ಅಂದೆ, ಅರ್ಧ ಕ್ಲಾಸು "ಗೊತ್ತಿಲ್ಲ" ಅಂತ ಬರೆಯಿತು. ಎಲ್ಲಿ ಎಡವಿದೆ?

ಕಿಟಕಿ_ಪಕ್ಕ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪಶ್ಚಿಮದ ಕಡೆ ಒಂದು ಸರ್ಕಾರಿ ಪ್ರೌಢಶಾಲೆಗೆ ವಾರಕ್ಕೊಮ್ಮೆ ಓದು-ಬರಹ ಮಾಡಿಸೋಕೆ ಹೋಗುತ್ತೇನೆ. ಒಂಬತ್ತನೇ ತರಗತಿ, 34 ಮಕ್ಕಳು. ಅವರಲ್ಲಿ ಬೆಂಗಳೂರಿನವರೇ ಅಂದ್ರೆ ಹತ್ತು ಹನ್ನೆರಡು. ಉಳಿದವರ ಅಪ್ಪ ಅಮ್ಮ ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಬಂದವರು. ತೆಲುಗು, ತಮಿಳು, ಉರ್ದು ಮನೆಗಳೂ ಇವೆ.

"ನಾನು ಯಾರು" ಅಂತ ಬರೆಸಬೇಕಿತ್ತು. ನೇರವಾಗಿ ಹಾಗೆ ಕೇಳಿದರೆ ಯಾರೂ ಬರೆಯಲ್ಲ ಅಂತ ಗೊತ್ತಿತ್ತು. ಹೆಸರಿನಿಂದ ಶುರು ಮಾಡೋಣ ಅಂದುಕೊಂಡೆ. ಬೋರ್ಡಿನ ಮೇಲೆ "ನನ್ನ ಹೆಸರು, ಅದರ ಅರ್ಥ, ಅದು ನನಗೆ ಹೇಗೆ ಹೊಂದುತ್ತದೆ" ಅಂತ ಬರೆದೆ. ನಿಘಂಟನ್ನೂ ತಗೊಂಡು ಹೋಗಿದ್ದೆ.

ಚಂದನ, ಯಶಸ್, ಸಿಂಚನ ಇವರೆಲ್ಲ ಹತ್ತು ನಿಮಿಷದಲ್ಲಿ ಮುಗಿಸಿದರು. "ಚಂದನ ಎಂದರೆ ಗಂಧ. ನಾನು ಗಂಧದಂತೆ ಎಲ್ಲರಿಗೂ ಪರಿಮಳ ಕೊಡುತ್ತೇನೆ." ಒಳ್ಳೆಯ ಅಕ್ಷರ, ಪೂರ್ತಿ ಸುಳ್ಳು (ಆ ಹುಡುಗಿ ಪೆನ್ಸಿಲ್ ಕೂಡ ಯಾರಿಗೂ ಕೊಡಲ್ಲ). ಇನ್ನೊಂದು ಕಡೆ ಹುಲಿಗೆಮ್ಮ, ಮುನಿಲಕ್ಷ್ಮಿ, ಹುಸೇನಪ್ಪ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದರು. ಕೊನೆಗೆ "ಗೊತ್ತಿಲ್ಲ ಮಿಸ್" ಅಂತ ಬರೆದುಕೊಟ್ಟರು. ಹುಸೇನಪ್ಪ ಅದನ್ನೂ ಬರೆಯಲಿಲ್ಲ. ಹಾಳೆಯ ಮೇಲೆ ತನ್ನ ಹೆಸರು ಹೊಡೆದು "ಹರ್ಷ" ಅಂತ ಬರೆದಿದ್ದ. ಕೆಳಗೆ "ಹರ್ಷ ಎಂದರೆ ಸಂತೋಷ". ಅಷ್ಟೇ.

(ಮಕ್ಕಳ ನಿಜವಾದ ಹೆಸರು ಹಾಕಿಲ್ಲ. ಆದರೆ ಅದೇ ಥರದ ಹೆಸರುಗಳನ್ನೇ ಹಾಕಿದ್ದೇನೆ, ಇಲ್ಲದಿದ್ದರೆ ಮಾತು ಅರ್ಥ ಆಗಲ್ಲ.)

ಇದನ್ನು ಇನ್ನೊಮ್ಮೆ ಮಾಡಬೇಕು ಅಂತಿದೆ. ಹೇಗೆ ಮಾಡಲಿ? ಅಥವಾ ಬಿಟ್ಟೇ ಬಿಡಲಾ?

---

ಪಾಪು_ಅಪ್ಪ

ಸರಿಯಾದ ಸಮಯಕ್ಕೆ ಈ ಚರ್ಚೆ ಸಿಕ್ಕಿತು! ನಮಗೆ ಹೆಣ್ಣು ಮಗು ಆಗಿ ಒಂಬತ್ತು ದಿನ. ನಕ್ಷತ್ರ ಆರಿದ್ರಾ, ಪಂಚಾಂಗದ ಪ್ರಕಾರ ಅಕ್ಷರಗಳು ಕು, ಘ, ಙ, ಛ. ನಮ್ಮ ಪಾಪುವಿಗೆ ಬಂದಿರೋದು ಮೂರನೇ ಪಾದ, ಅಂದ್ರೆ "ಙ". ಙ ಅಕ್ಷರದಿಂದ ಯಾವುದಾದರೂ ಒಳ್ಳೆ ಹೆಸರು, ಅರ್ಥ ಸಮೇತ ಹೇಳ್ತೀರಾ? ಹನ್ನೊಂದನೇ ದಿನಕ್ಕೆ ತೊಟ್ಟಿಲು ಶಾಸ್ತ್ರ ಇಟ್ಟುಕೊಂಡಿದ್ದೇವೆ. ಅತ್ತೆ ಮನೆ ಕಡೆ, ನಮ್ಮ ಕಡೆ ಇಬ್ಬರೂ ಫೋನ್ ಮೇಲೆ ಫೋನ್.

---

ಬಸವನಗುಡಿ_ಕಾಫಿ

@ಪಾಪು_ಅಪ್ಪ ಸಾರ್, ಇದು ಬೇರೆ ವಿಷಯ ಅನ್ಸುತ್ತೆ 😀 ಆದರೂ "ಙ"ದಿಂದ ಹೆಸರು ಹುಡುಕೋ ಅಪ್ಪನಿಗೆ ನನ್ನ ಸಹಾನುಭೂತಿ.

@ಕಿಟಕಿ_ಪಕ್ಕ ಮೇಡಂ, ನೀವು ಹೇಳಿದ ಹೆಸರುಗಳಿಗೆ ಅರ್ಥ ಹುಡುಕಿದರೆ ಮಕ್ಕಳಿಗೆ ಬೇಜಾರೇ ಆಗೋದು. ಹಳೇ ಹಳ್ಳಿ ಹೆಸರುಗಳ ಹಿಂದೆ ಇರೋದು ಒಂದೇ ಕಥೆ. ಮಕ್ಕಳು ಹುಟ್ಟಿ ಹುಟ್ಟಿ ಸಾಯುತ್ತಿದ್ದ ಮನೆಯಲ್ಲಿ ಕೂಸನ್ನ ತಿಪ್ಪೆ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪೇಸ್ವಾಮಿ ಅಂತ ಇಡುತ್ತಿದ್ದರು, ಯಮನಿಗೂ ಬೇಡ ಅನ್ನಿಸಲಿ ಅಂತ. ಗುಂಡ, ಕಲ್ಲಪ್ಪ ಕೂಡ ಅದೇ ಲೆಕ್ಕ. ಸಾಲಾಗಿ ಹೆಣ್ಣೇ ಹುಟ್ಟಿದರೆ ಸಾಕಮ್ಮ, "ಇನ್ನು ಸಾಕು ದೇವರೇ" ಅಂತ. ಇದನ್ನ ಹದಿನಾಲ್ಕು ವರ್ಷದ ಮಗುವಿಗೆ ಹೇಗೆ ಹೇಳ್ತೀರಾ?

---

ಹಟ್ಟಿ_ತಿಪ್ಪೇಶ

ಸ್ವಾಮಿ, ಅರ್ಧ ಸರಿ, ಅರ್ಧ ತಪ್ಪು. ನನ್ನ ಹೆಸರು ತಿಪ್ಪೇಸ್ವಾಮಿ. ಚಳ್ಳಕೆರೆ ತಾಲ್ಲೂಕು. ನಮ್ಮ ಕ್ಲಾಸಿನಲ್ಲಿ ನಾವು ಐದು ಜನ ತಿಪ್ಪೇಸ್ವಾಮಿಗಳು. ನಮ್ಮಲ್ಲಿ ಒಬ್ಬನನ್ನೂ ತಿಪ್ಪೆ ಮೇಲೆ ಹೊರಳಿಸಿಲ್ಲ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ನಮ್ಮ ಕಡೆಯ ದೊಡ್ಡ ದೇವರು. ಕೆರೆ ಕಟ್ಟಿಸಿದವರು, "ಮಾಡಿದಷ್ಟು ನೀಡು ಭಿಕ್ಷೆ" ಅಂದವರು. ಚಿತ್ರದುರ್ಗ ಜಿಲ್ಲೆಯಲ್ಲಿ ತಿಪ್ಪೇಸ್ವಾಮಿ ಅಂದ್ರೆ ಅವರ ಹೆಸರು ಹೊತ್ತವನು. ನೀವು ಹೇಳಿದ ಕಸದ ತಿಪ್ಪೆಯ ಪದ್ಧತಿ ಬೇರೆ ಕಡೆ ಇತ್ತು, ಇಲ್ಲ ಅನ್ನಲ್ಲ. ಆದರೆ ಹೆಸರು ಕೇಳಿದ ಕೂಡಲೇ ಕಥೆ ನಾನೇ ಹೇಳ್ತೀನಿ ಅನ್ನೋದು ಬೇಡ. ಬೆಂಗಳೂರಿಗೆ ಬಂದಾಗ ಕಾಲೇಜಿನಲ್ಲಿ ಒಬ್ಬ ಲೆಕ್ಚರರ್ ಎಲ್ಲರೆದುರಿಗೆ ನನಗೆ ನಿಮ್ಮ ಈ ಕಥೆಯನ್ನೇ ಹೇಳಿದರು. ಇಡೀ ಕ್ಲಾಸು ನಕ್ಕಿತು. ಮೂರು ವರ್ಷ "ಟಿಪ್ಸ್" ಅಂತ ಕರೆಸಿಕೊಂಡೆ.

---

ಬಸವನಗುಡಿ_ಕಾಫಿ

ತಿಪ್ಪೇಸ್ವಾಮಿಗಳೇ, ತಪ್ಪಾಯಿತು. ನಾಯಕನಹಟ್ಟಿ ಜಾತ್ರೆ ಹೆಸರು ಕೇಳಿದ್ದೆ, ಎರಡನ್ನೂ ಸೇರಿಸಿ ನೋಡಿರಲಿಲ್ಲ.

---

ಹಳೇಮೇಷ್ಟ್ರು

ತಿಪ್ಪೇಸ್ವಾಮಿಯವರ ಮಾತಿನಲ್ಲೇ ಉತ್ತರ ಇದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಇದೇ ಪಾಠವನ್ನ ಹಲವು ಸಲ ಮಾಡಿಸಿದ್ದೇನೆ. ಮೊದಲ ಎರಡು ಸಲ ನಿಮ್ಮ ಹಾಗೇ ಕೆಡಿಸಿದ್ದೇನೆ.

ತಾಯಿ, ನೀವು ಎಡವಿದ್ದು "ಅರ್ಥ" ಅನ್ನೋ ಪದದಲ್ಲಿ. ನಿಘಂಟಿನ ಅರ್ಥ ಸಿಗೋದು ಸಂಸ್ಕೃತದ ಹೆಸರಿಗೆ. ಚಂದನ, ಯಶಸ್ ಅಂದ್ರೆ ಪುಟ ತಿರುಗಿಸಿದರೆ ಸಿಗುತ್ತೆ. ಹುಲಿಗೆಮ್ಮ ಸಿಗಲ್ಲ, ಯಾಕಂದ್ರೆ ಆ ಹೆಸರಿನ ಅರ್ಥ ಪುಸ್ತಕದಲ್ಲಿ ಇಲ್ಲ, ಹುಲಿಗಿಯಲ್ಲಿದೆ. ಕೊಪ್ಪಳದ ಹತ್ತಿರ, ತುಂಗಭದ್ರೆ ದಂಡೆಯ ಆ ಗುಡಿಗೆ ಅವರಮ್ಮನೋ ಅಜ್ಜಿಯೋ ನಡೆದು ಹೋಗಿರುತ್ತಾರೆ. ಅದು ಹೆಸರಿನ ಅರ್ಥ ಅಲ್ಲ, ಹೆಸರಿನ ಸಂಬಂಧ. ನೀವು ಅರ್ಥ ಕೇಳಿದಾಗ ಗೊತ್ತಿಲ್ಲದೆ ಮಕ್ಕಳನ್ನ ಎರಡು ಸಾಲು ಮಾಡಿದಿರಿ. ಅರ್ಥ ಇರೋ ಹೆಸರಿನವರು, ಇಲ್ಲದವರು. ಆ ಹುಡುಗ ಹರ್ಷ ಅಂತ ಬರೆದದ್ದು ನಾಚಿಕೆಗೆ ಮಾತ್ರ ಅಲ್ಲ. ನೀವು ಕೇಳಿದ ಪ್ರಶ್ನೆಗೆ ಉತ್ತರ ಇರುವ ಹೆಸರು ಅವನಿಗೆ ಬೇಕಿತ್ತು. ಜಾಣ.

ಸಾಕಮ್ಮನನ್ನೇ ತಗೊಳ್ಳಿ. "ಸಾಕು" ಅಂದ್ರೆ ಇನ್ನು ಬೇಡ ಅಂತಲೂ ಆಗುತ್ತೆ, "ಸಾಕು" ಅಂದ್ರೆ ಸಲಹು ಅಂತಲೂ ಆಗುತ್ತೆ. ಒಂದು ಮನೆಯಲ್ಲಿ ಆರನೇ ಹೆಣ್ಣು ಅಂತ ಇಟ್ಟಿರಬಹುದು. ಇನ್ನೊಂದು ಮನೆಯಲ್ಲಿ ಅದು ಅಜ್ಜಿಯ ಹೆಸರು, ಮೊಮ್ಮಗಳಿಗೆ ಬಂದಿದೆ, ಅಷ್ಟೇ. ಪದ ನೋಡಿ ಕಥೆ ಹೇಳೋಕಾಗಲ್ಲ. ನಮ್ಮ ಬಸವನಗುಡಿಯವರಿಗೆ ಗೊತ್ತಿರಬೇಕು, ಸಾಕಮ್ಮ ಗಾರ್ಡನ್ಸ್ ಅವರ ಪಕ್ಕದಲ್ಲೇ ಇದೆ. ಕಾಫಿಪುಡಿ ವ್ಯಾಪಾರ ಕಟ್ಟಿದ ಆ ಹೆಂಗಸಿನ ಹೆಸರು ಕೇಳಿದರೆ ಹಳೇ ಬೆಂಗಳೂರಿನವರಿಗೆ ನೆನಪಾಗೋದು ಕಾಫಿ ವಾಸನೆ.

ಹಾಗಾಗಿ ಪ್ರಶ್ನೆ ಬದಲಿಸಿ. ನಾನು ಕೇಳುತ್ತಿದ್ದದ್ದು ಹೀಗೆ. ಮೊದಲ ದಿನ ಒಂದೇ ಪ್ರಶ್ನೆ: ನಿನ್ನನ್ನ ಯಾರ್ಯಾರು ಏನೇನು ಅಂತ ಕರೀತಾರೆ? ಇದಕ್ಕೆ ಉತ್ತರ ಇಲ್ಲದ ಮಗು ಇಲ್ಲ. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು, ಸಿಟ್ಟು ಬಂದಾಗ ಅಮ್ಮ ಕರೆಯೋದು ಒಂದು, ಊರಿಗೆ ಹೋದರೆ ಇನ್ನೊಂದು. ಒಬ್ಬ ಹುಡುಗ ಏಳು ಹೆಸರು ಬರೆದಿದ್ದ. ನಿಮಗೆ ಬೇಕಿದ್ದ "ನಾನು ಯಾರು" ಅನ್ನೋದು ಅಲ್ಲೇ ಶುರುವಾಗುತ್ತೆ.

ಆಮೇಲೆ ಒಂದು ವಾರ ಬಿಟ್ಟು, ಮನೆಯಲ್ಲಿ ಕೇಳಿಕೊಂಡು ಬರೋಕೆ ಹೇಳಿ. ಅರ್ಥ ಏನು ಅಂತಲ್ಲ. ಯಾರು ಇಟ್ಟರು? ಅವತ್ತು ಮನೆಯಲ್ಲಿ ಯಾರಿದ್ದರು? ಬೇರೆ ಯಾವ ಹೆಸರು ಇಡಬೇಕು ಅಂತಿದ್ದರು, ಅದು ಯಾಕೆ ಬಿಟ್ಟುಹೋಯಿತು? ಈ ಮೂರನೇದು ಬಹಳ ಮುಖ್ಯ. ಬಿಟ್ಟುಹೋದ ಹೆಸರಿನ ಹಿಂದೆ ಯಾವಾಗಲೂ ಒಂದು ಜಗಳ ಇರುತ್ತೆ, ಜಗಳ ಇದ್ದರೆ ಮನೆಯವರು ಮಾತಾಡುತ್ತಾರೆ. "ಚೆನ್ನಾಗಿತ್ತು, ಇಟ್ಟೆವು" ಅಂತ ಎರಡೇ ಮಾತಿಗೆ ನಿಲ್ಲಲ್ಲ.

ಮತ್ತೆ, ಮೊದಲು ನಿಮ್ಮ ಹೆಸರಿನ ಕಥೆ ನೀವು ಹೇಳಬೇಕು. ಸ್ವಲ್ಪ ಮುಜುಗರ ಆಗೋ ಭಾಗವನ್ನೂ ಸೇರಿಸಿ.

---

ಉಳ್ಳಾಗಡ್ಡಿ_ಹುಬ್ಬಳ್ಳಿ

ಮೇಷ್ಟ್ರ, ಭಾರಿ ಚಲೋ ಹೇಳಿದ್ರಿ. ನಂದೂ ಒಂದು ಹೇಳ್ತೀನಿ, ಮನಸ್ಸು ಹಗುರ ಆಗತದ.

ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ. ನಮ್ಮ ಮುತ್ಯಾ ಉಳ್ಳಾಗಡ್ಡಿ ವ್ಯಾಪಾರ ಮಾಡತಿದ್ದ. ಬೆಂಗಳೂರಾಗ ಮೊದಲನೇ ಕೆಲಸ, ಮೊದಲನೇ ದಿನ, ಮ್ಯಾನೇಜರ್ ನನ್ನ ಹೆಸರು ಓದಿದರು, ಪಕ್ಕದಾಕಿ "ಅಂದ್ರೇನು?" ಅಂದಳು, ನಾ "ಈರುಳ್ಳಿ" ಅಂದೆ. ಮುಗೀತು. ಅವತ್ತಿಂದ ನಾ ಆಫೀಸಿನಾಗ ಆನಿಯನ್. ಬೆಲೆ ಏರಿದಾಗೊಮ್ಮೆ ಜೋಕು. ನಮ್ಮ ಕಡೆ ಮೆಣಸಿನಕಾಯಿ, ಅಂಗಡಿ, ಬಡಿಗೇರ ಅಂದ್ರ ಯಾರೂ ನಗೂದಿಲ್ಲ, ಎಲ್ಲರದೂ ಹಂಗೇ ಇರತದ. ಇಲ್ಲಿ ದಕ್ಷಿಣದವ್ರಿಗೆ ಇನಿಶಿಯಲ್ ಅಷ್ಟೇ ಇರತದಲ್ಲ, ಅಡ್ಡಹೆಸರು ಅಂದ್ರ ಅವರಿಗೆ ತಮಾಷಿ.

---

ಬಸವನಗುಡಿ_ಕಾಫಿ

ಇನಿಶಿಯಲ್‌ನಲ್ಲೂ ಕಥೆ ಇದೆ ಅಣ್ಣ. ಹಳೇ ಮೈಸೂರಿನ ಕಡೆ ಮೊದಲಕ್ಷರ ಊರು, ಎರಡನೇದು ಅಪ್ಪ. ಕೆ.ವಿ. ಪುಟ್ಟಪ್ಪ ಅಂದ್ರೆ ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ. ಮನೆತನದ ಹೆಸರು ಇಲ್ಲ, ಆದರೆ ಊರಿದೆ. ಈಗಿನ ಬೆಂಗಳೂರಿನ ಮಕ್ಕಳಿಗೆ ಅಪ್ಪನ ಒಂದಕ್ಷರ ಮಾತ್ರ ಉಳಿದಿದೆ, ಊರು ಉದುರಿಹೋಯಿತು. ಮೇಡಂ, ಇನಿಶಿಯಲ್ ಬಿಡಿಸಿ ಬರೆಯೋಕೆ ಹೇಳಿ, ಮಕ್ಕಳಿಗೆ ತಮ್ಮ ಊರು ಸಿಗುತ್ತೆ.

---

ಸುಮ_ಅಷ್ಟೇ

ದಯವಿಟ್ಟು ಹೇಳಬೇಡಿ.

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಇಲ್ಲಿ ಎಲ್ಲರಿಗೂ ಹೆಸರಿನ ಕಥೆ ಅಂದ್ರೆ ಅಜ್ಜಿ, ಜಾತ್ರೆ, ತಮಾಷೆ. ನನ್ನ ಹೆಸರು ಸುಮ. ನಮ್ಮಪ್ಪನ ಹೆಸರು, ತಾತನ ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಅರ್ಧ ಕ್ಷಣದಲ್ಲಿ ಜಾತಿ ಗೊತ್ತಾಗುತ್ತೆ. ಅದಕ್ಕೇ ಅಪ್ಪ ನನಗೆ ಯಾರೂ ಏನೂ ಓದಿಕೊಳ್ಳೋಕೆ ಆಗದ ಹೆಸರು ಹುಡುಕಿದರು. ಎರಡೇ ಅಕ್ಷರ. ನನ್ನ ಹೆಸರಿಗೆ ಕಥೆ ಇರಬಾರದು ಅನ್ನೋದೇ ಅದರ ಕಥೆ.

ಏಳನೇ ಕ್ಲಾಸಿನಲ್ಲಿ ಒಬ್ಬ ಮಿಸ್ ಇದೇ ಥರ "ನಿಮ್ಮ ಹೆಸರು, ತಂದೆ ಹೆಸರು, ತಾತನ ಹೆಸರು, ಮನೆದೇವರು" ಅಂತ ವಂಶವೃಕ್ಷ ಮಾಡಿಸಿದರು. ಒಳ್ಳೆಯ ಮನಸ್ಸಿನಿಂದಲೇ. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಪಕ್ಕದ ಹುಡುಗಿ ಜಾಗ ಬದಲಿಸಿದಳು. ಮಿಸ್‌ಗೆ ಇವತ್ತಿಗೂ ಗೊತ್ತಿಲ್ಲ.

ಹೆಸರಿನ ಕಥೆಯನ್ನ ಹೇಳೋಕೆ ಇಷ್ಟ ಇದ್ದವರು ಹೇಳಲಿ. ಪಾಠ ಅಂತ ಮಾಡಿ ಎಲ್ಲರಿಂದ ಹೊರಗೆ ತೆಗೆಸಬೇಡಿ.

---

ಕಡಲಾಚೆ_ಮಂಗಳೂರು

ಸುಮ ಹೇಳಿದ್ದು ನಿಜ. ನಮ್ಮ ತುಳುನಾಡಿನಲ್ಲಿ ನನ್ನ ಅಜ್ಜನ ಹೆಸರು ತುಕ್ರ. ಶುಕ್ರವಾರ ಹುಟ್ಟಿದವ ತುಕ್ರ. ಭಾನುವಾರ ಆದರೆ ಐತ, ಮಂಗಳವಾರ ಅಂಗಾರ, ಗುರುವಾರ ಗುರುವ, ಶನಿವಾರ ಚನಿಯ. ಅಜ್ಜನ ಅಣ್ಣ ಐತ, ತಮ್ಮ ಚನಿಯ. ಕೇಳಲಿಕ್ಕೆ ಚಂದ ಉಂಟು ಅಲ್ವಾ, ಕ್ಯಾಲೆಂಡರ್ ಹಾಗೆ. ಆದರೆ ಅಜ್ಜ ಹೇಳುತ್ತಿದ್ದರು, ಜಮೀನ್ದಾರ ಗುತ್ತಿನ ಮನೆಯವರು ಇಡುವ ಹೆಸರನ್ನು ನಾವು ಇಡುವ ಹಾಗಿರಲಿಲ್ಲ ಅಂತ. ದೇವರ ಹೆಸರೂ ಸಿಗಲಿಲ್ಲ, ಉಳಿದದ್ದು ವಾರ.

ನನಗೆ ಈಗ ಆ ಹೆಸರುಗಳ ಮೇಲೆ ಪ್ರೀತಿಯೇ. ಆದರೆ ಅದು ನಲವತ್ತು ದಾಟಿದ ಮೇಲೆ ಬಂದದ್ದು. ಹದಿನಾಲ್ಕರಲ್ಲಿ ಕೇಳಿದ್ದರೆ ನಾನೂ "ಹರ್ಷ" ಅಂತಲೇ ಬರೆಯುತ್ತಿದ್ದೆ.

---

ಹಳೇಮೇಷ್ಟ್ರು

ಸುಮಮ್ಮ, ನೀವು ಹೇಳಿದ್ದನ್ನ ಒಪ್ಪುತ್ತೇನೆ. ನಾನು ಬರೆಯುವಾಗ ಇದನ್ನ ಮೊದಲು ಹೇಳಬೇಕಿತ್ತು. ಇನಿಶಿಯಲ್, ಅಡ್ಡಹೆಸರು, ತಾತನ ಹೆಸರು, ಮನೆದೇವರು ಈ ನಾಲ್ಕನ್ನ ನಾನು ಕೇಳುತ್ತಿರಲಿಲ್ಲ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ. 34 ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ಮೂರು ನಿಮಿಷ ಹೇಳಿದರೂ ನೂರು ನಿಮಿಷ ದಾಟುತ್ತೆ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಆಗಲ್ಲ, ಆಗಬಾರದು ಕೂಡ. ಎಲ್ಲರೆದುರಿಗೆ ನಿಲ್ಲಿಸಿದರೆ ಹತ್ತನೇ ಮಗುವಿನ ಹೊತ್ತಿಗೆ ಒಂದು ಮಾದರಿ ಸಿದ್ಧವಾಗಿರುತ್ತೆ. ಆಮೇಲಿನವರೆಲ್ಲ "ನಮ್ಮಜ್ಜಿ ಪ್ರೀತಿಯಿಂದ ಇಟ್ಟರು" ಅಂತಲೇ ಹೇಳ್ತಾರೆ. ಸಾಲಾಗಿ ಮೂರು ಜನ ಒಂದೇ ವಾಕ್ಯ ಹೇಳಿದರೆ ಪಾಠ ಕೈತಪ್ಪಿದೆ ಅಂತ ತಿಳಿಯಿರಿ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಗುಂಪನ್ನ ಅವರೇ ಆರಿಸಿಕೊಳ್ಳಲಿ. "ನನ್ನ ಕಥೆ ನನ್ನ ಹತ್ತಿರವೇ ಇರಲಿ" ಅನ್ನೋದು ಕೂಡ ಒಂದು ಪೂರ್ತಿ ಉತ್ತರ ಅಂತ ಮೊದಲೇ ಹೇಳಿಬಿಡಿ, ಹೇಳಿದ ಮೇಲೆ ಕೆದಕಬೇಡಿ. ಅಪ್ಪ ಬಿಟ್ಟುಹೋದ ಮನೆ ಇರುತ್ತೆ, ಹಾಸ್ಟೆಲ್ ಮಕ್ಕಳಿರುತ್ತಾರೆ. ಕೇಳೋಕೆ ಯಾರೂ ಇಲ್ಲದ ಮಗುವಿಗೆ ಮೊದಲನೇ ಪ್ರಶ್ನೆ ಸಾಕು, ಈಗ ಯಾರು ಏನು ಕರೀತಾರೆ ಅಂತ.

---

ಸುಮ_ಅಷ್ಟೇ

ಮೇಷ್ಟ್ರೇ, ಧನ್ಯವಾದ. ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. 30 ಜನ ಹೇಳಿ ನಾಲ್ಕು ಜನ "ನನ್ನ ಹತ್ತಿರವೇ ಇರಲಿ" ಅಂದರೆ, ಆ ನಾಲ್ಕು ಜನ ಯಾರು ಅಂತ ಕ್ಲಾಸಿಗೆ ಗೊತ್ತಾಗಲ್ವಾ? ಸುಮ್ಮನಿರೋದೂ ಒಂದು ಉತ್ತರವಾಗಿ ಕಾಣಿಸುತ್ತೆ.

---

ಹಳೇಮೇಷ್ಟ್ರು

ಇದಕ್ಕೆ ನನ್ನ ಹತ್ತಿರ ಪಕ್ಕಾ ಉತ್ತರ ಇಲ್ಲ. ನಾನು ಮಾಡುತ್ತಿದ್ದದ್ದು, ನಾನೇ ಒಂದು ಪ್ರಶ್ನೆಗೆ "ಅದು ನನ್ನ ಹತ್ತಿರವೇ ಇರಲಿ" ಅಂತ ಮೊದಲು ಹೇಳೋದು. ಮೇಷ್ಟ್ರು ಹೇಳಿದ್ದನ್ನ ಮಕ್ಕಳು ಫ್ಯಾಷನ್ ಮಾಡಿಕೊಳ್ಳುತ್ತಾರೆ, ಹತ್ತು ಜನ ಸುಮ್ನೆ ಹಾಗೆ ಹೇಳ್ತಾರೆ. ನಿಜವಾಗಿ ಬೇಕಾದವರು ಆ ಗುಂಪಲ್ಲಿ ಮರೆಯಾಗುತ್ತಾರೆ. ಪೂರ್ತಿ ಅಲ್ಲ, ಸ್ವಲ್ಪ ಮಟ್ಟಿಗೆ.

---

ಪಾಪು_ಅಪ್ಪ

ನಾನು ತಪ್ಪು ಜಾಗದಲ್ಲಿ ಕೇಳಿದೆ ಅಂತ ಈಗ ಅರ್ಥ ಆಯಿತು, ಕ್ಷಮಿಸಿ. ಆದರೆ ಎದ್ದು ಹೋಗೋಕೆ ಮನಸ್ಸಾಗುತ್ತಿಲ್ಲ. ನಾಳಿದ್ದು ತೊಟ್ಟಿಲು. ಹೆಸರು ಇನ್ನೂ ಇಲ್ಲ. ಆಸ್ಪತ್ರೆಯವರು ಜನನ ಪತ್ರಕ್ಕೆ ಹೆಸರು ಬೇಗ ಕೊಡಿ ಅಂತಿದ್ದಾರೆ.

---

ಹಟ್ಟಿ_ತಿಪ್ಪೇಶ

ಗಾಬರಿ ಬೇಡ ಗುರುವೇ. ಹುಟ್ಟಿದ್ದನ್ನ 21 ದಿನದೊಳಗೆ ನೋಂದಾಯಿಸಬೇಕು, ಹೆಸರಿಗೆ ಅಂಥ ಅವಸರ ಇಲ್ಲ. ಹೆಸರಿಲ್ಲದೆಯೇ ನೋಂದಣಿ ಆಗುತ್ತೆ. 12 ತಿಂಗಳೊಳಗೆ ಹೆಸರು ಸೇರಿಸಿದರೆ ದುಡ್ಡಿಲ್ಲ, ಆಮೇಲೆ 15 ವರ್ಷದವರೆಗೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ನಮ್ಮ ಅಕ್ಕನ ಮಗನಿಗೆ ಹಾಗೇ ಮಾಡಿದೆವು. ಮತ್ತೆ "ಙ" ಬಿಟ್ಟುಬಿಡಿ. ಪುರೋಹಿತರನ್ನ ಕೇಳಿ, ಅವರೇ ಅದೇ ನಕ್ಷತ್ರದ ಇನ್ನೊಂದು ಅಕ್ಷರ ತಗೊಳ್ಳಿ ಅಂತಾರೆ.

---

ಕಿಟಕಿ_ಪಕ್ಕ

ಮೂರು ವಾರ ಆಯಿತು, ಏನಾಯಿತು ಅಂತ ಹೇಳೋಕೆ ಬಂದೆ. ಸ್ವಲ್ಪ ಉದ್ದ ಇದೆ.

ಮೊದಲ ವಾರ ನನ್ನ ಕಥೆ ಹೇಳಿದೆ. ನನಗೆ ಮೊದಲು ಇಟ್ಟ ಹೆಸರು ಬೇರೆ. ಶಾಲೆಗೆ ಸೇರಿಸುವಾಗ ಹೆಡ್ ಮೇಷ್ಟ್ರು "ಇದು ಹಳೇ ಹೆಸರಾಯಿತು" ಅಂತ ತಾವೇ ಒಂದು ಹೆಸರು ಬರೆದುಕೊಂಡರು. ಅಪ್ಪ ಎದುರು ಮಾತಾಡಲಿಲ್ಲ. ಮನೆಯಲ್ಲಿ ಇವತ್ತಿಗೂ ಹಳೆಯದರಲ್ಲೇ ಕರೀತಾರೆ. ಆ ಹಳೆಯ ಹೆಸರು ಯಾವುದು ಅಂತ ಮಕ್ಕಳು ಕೇಳಿದರು. "ಅದು ನನ್ನ ಹತ್ತಿರವೇ ಇರಲಿ" ಅಂದೆ. ಮೇಷ್ಟ್ರು ಹೇಳಿದ ಹಾಗೇ ಆಯಿತು, ಆ ಮಾತು ಕ್ಲಾಸಿನಲ್ಲಿ ಜೋಕಾಗಿ ಓಡಾಡುತ್ತಿದೆ. ಹೋಂವರ್ಕ್ ಎಲ್ಲಿ ಅಂದರೂ "ನನ್ನ ಹತ್ತಿರವೇ ಇರಲಿ ಮಿಸ್".

ಮುನಿಲಕ್ಷ್ಮಿ ಅಪ್ಪಟ ಬೆಂಗಳೂರಿನವಳು. ಈಗ ಲೇಔಟ್ ಆಗಿರೋ ಜಾಗ ಅವರ ತಾತನ ಕಾಲದಲ್ಲಿ ಹಳ್ಳಿ, ರಾಗಿ ಹೊಲ. ಹೊಲದ ಮೂಲೆಯಲ್ಲಿ ಮುನೇಶ್ವರ. ಅವರ ಮನೆಯಲ್ಲಿ ಮುನಿಯಪ್ಪ, ಮುನಿರಾಜು, ಮುನಿಯಮ್ಮ ಎಲ್ಲ ಇದ್ದಾರಂತೆ. ಅಮ್ಮನಿಗೆ ಬರೀ ಲಕ್ಷ್ಮಿ ಅಂತ ಇಡೋ ಆಸೆ, ಅಜ್ಜಿಗೆ ಮುನಿಯಮ್ಮ ಅನ್ನೋ ಹಟ. ಎರಡನ್ನೂ ಅಂಟಿಸಿದರು. ಹೊಲ ಹೋಯಿತು, ಮುನೇಶ್ವರ ಎರಡು ಅಪಾರ್ಟ್‌ಮೆಂಟ್‌ಗಳ ಮಧ್ಯೆ ಉಳಿದಿದ್ದಾನೆ. ಈಗ ತಮಾಷೆ ನೋಡಿ: ಯಾವುದೋ ಅರ್ಜಿಯಲ್ಲಿ ಅವಳ ಹೆಸರನ್ನ `MUNI LAKSHMI K` ಅಂತ ಒಡೆದು ಹಾಕಿದ್ದಾರೆ. ಅಲ್ಲಿಂದ ಬರೋ ಮೆಸೇಜೆಲ್ಲ "ಡಿಯರ್ ಮುನಿ". ಅಜ್ಜಿ ಗೆದ್ದಳು ಅಂತ ಹುಡುಗಿ ನಗುತ್ತಾಳೆ.

ಹುಸೇನಪ್ಪ ಎರಡನೇ ವಾರವೂ ಏನೂ ತರಲಿಲ್ಲ. ಅಪ್ಪನ್ನ ಕೇಳಿದರೆ "ಊರಲ್ಲಿ ಇಟ್ಟರು" ಅಂದರಂತೆ. ಅವನನ್ನ ಯಾರ್ಯಾರು ಏನು ಕರೀತಾರೆ ಅನ್ನೋ ಹಾಳೆಯಲ್ಲಿ ಒಂದು ಸಾಲು ಇತ್ತು: "ಬಾಡಿಗೆ ಮನೆ ಆಂಟಿ: ನೀವು ಹಿಂದೂನಾ ಮುಸ್ಲಿಮಾ?" ಅದನ್ನ ಹೆಸರು ಅಂತ ಬರೆದಿದ್ದ. ಅದನ್ನ ಓದಿ ನನಗೆ ಏನೂ ಹೇಳೋಕೆ ಆಗಲಿಲ್ಲ.

ಮೂರನೇ ವಾರ ಅವನೇ ಬಂದ. ಲಿಂಗಸುಗೂರು ಕಡೆಯ ಹಳ್ಳಿಯಲ್ಲಿರೋ ಅಜ್ಜಿಗೆ ಫೋನ್ ಮಾಡಿದ್ದನಂತೆ. ಅವನ ಮುಂಚೆ ಎರಡು ಕೂಸು ಹೋಗಿದ್ದವು. ಅಲಾಯಿ ಹಬ್ಬದಲ್ಲಿ, ಅಂದ್ರೆ ಮೊಹರಂನಲ್ಲಿ, ದೇವರು ಕೂರಿಸಿದಾಗ ಅಜ್ಜಿ ಸಕ್ಕರೆ ಓದಿಸಿ ಹರಕೆ ಹೊತ್ತಳು, ಈ ಸಲ ಉಳಿದರೆ ನಿನ್ನ ಹೆಸರೇ ಇಡ್ತೀನಿ ಅಂತ. "ಹ್ವಾದ ಅಲಾಯಿಗೆ ಬೇಡಿಕೊಂಡೆ, ಮುಂದಿನ ಅಲಾಯಿ ಹೊತ್ತಿಗೆ ನೀ ಬಂದಿ" ಅಂದಳಂತೆ. ಐದು ವರ್ಷ ತುಂಬೋವರೆಗೂ ಪ್ರತಿ ಹಬ್ಬಕ್ಕೆ ಅವನನ್ನ ಫಕೀರ ಮಾಡಿ, ಕೊರಳಿಗೆ ಲಾಡಿ ಹಾಕಿ, ಚೊಂಗೆ ಮಾಡಿ ಹಂಚಿದ್ದಾರೆ. ಅವನಿಗೆ ಚೊಂಗೆಯ ರುಚಿ ಮಾತ್ರ ನೆನಪಿತ್ತು, ಯಾಕೆ ಅಂತ ಗೊತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಶಾಲೆಯ ದಾಖಲೆಯಲ್ಲಿ ಅವನು ಹುಟ್ಟಿದ್ದು 2010 ಜೂನ್ 1. ಅಜ್ಜಿ ಹೇಳಿದ್ದು ಚಳಿಗಾಲ, ಹೊಲದಲ್ಲಿ ತೊಗರಿ ಕಾಯಿ ಬಲಿತಿತ್ತು ಅಂತ. ಇಬ್ಬರೂ ಕೂತು ಹಳೇ ಕ್ಯಾಲೆಂಡರ್ ಹುಡುಕಿದೆವು. ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಬರುತ್ತಲ್ಲ, 2009ರಲ್ಲಿ ಅದು ಡಿಸೆಂಬರ್ ಕೊನೆ, 2010ರಲ್ಲಿ ಡಿಸೆಂಬರ್ ಮಧ್ಯ. ಅಂದ್ರೆ ಹರಕೆ 2009ರ ಕೊನೆಗೆ, ಹುಡುಗ ಹುಟ್ಟಿದ್ದು 2010ರ ಡಿಸೆಂಬರ್ ಆಸುಪಾಸು. ಜೂನ್ 1 ಅನ್ನೋದು ಶಾಲೆಗೆ ಸೇರಿಸಿದವರು ಬರೆದ ತಾರೀಖು. ಆರು ತಿಂಗಳು ಚಿಕ್ಕವನಾದೆ ಅಂತ ಅವನಿಗೆ ಭಾರಿ ಖುಷಿ. ಹೆಸರು ಹುಡುಕೋಕೆ ಹೋದವನಿಗೆ ಹುಟ್ಟಿದ ತಿಂಗಳು ಸಿಕ್ಕಿತು.

---

ಬಸವನಗುಡಿ_ಕಾಫಿ

ಬಹಳ ಚೆನ್ನಾಗಿದೆ ಮೇಡಂ. ಅಂದ್ರೆ ಅವರ ಹಿರಿಯರು ಹಿಂದೆ ಮುಸ್ಲಿಮರಾಗಿದ್ದಿರಬೇಕು, ಅಲ್ವಾ?

---

ಉಳ್ಳಾಗಡ್ಡಿ_ಹುಬ್ಬಳ್ಳಿ

ಇಲ್ರಿ ಕಾಫಿಯವ್ರ! ಮತ್ತ ಶುರು ಮಾಡಿದ್ರಿ. ನಮ್ಮ ಕಡೆ ಫಕೀರಪ್ಪ, ಹುಸೇನಪ್ಪ ಅಂದ್ರ ಹಿಂದೂ ಮನಿಯಾಗೂ ಇರ್ತಾರ. ಮುಸ್ಲಿಂ ಮನಿನೇ ಇಲ್ಲದ ಹಳ್ಳಿಯಾಗೂ ಅಲಾಯಿ ದೇವರು ಕೂಡತಾವ, ಊರಿನ ಮಂದಿನೇ ಕೂಡಿಸ್ತಾರ. ಹರಕಿ ಹೊತ್ತ ದೇವರ ಹೆಸರು ಇಡೂದು, ಅಷ್ಟ. ನಮ್ಮ ಕಾಕಾನ ಹೆಸರು ಫಕೀರಪ್ಪ, ಕೊರಳಾಗ ಲಿಂಗ.

---

ಸುಮ_ಅಷ್ಟೇ

ಹುಡುಗನಿಗೆ ಕಥೆ ಸಿಕ್ಕಿತು, ಸಂತೋಷ. ಆದರೆ ಬಾಡಿಗೆ ಮನೆ ಆಂಟಿ ಹಾಗೇ ಇದ್ದಾರಲ್ಲ? ಅವನು ಹೆಸರು ಬದಲಿಸಬೇಕು ಅಂದರೆ ನೀವು ತಡೀಬೇಡಿ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ಹೆಸರು ಕೂತ ಮೇಲೆ ಅದನ್ನ ಬದಲಿಸೋದು ದೊಡ್ಡ ಅಲೆದಾಟ. ಬೇಕಾದರೆ ಈ ವರ್ಷವೇ ಮಾಡಿಸಲಿ.

---

ಕಿಟಕಿ_ಪಕ್ಕ

ಸುಮ, ನಾನೂ ಅದನ್ನೇ ಅವನಿಗೆ ಹೇಳಿದೆ. ಅಪ್ಪ ಬಂದು ಅರ್ಜಿ ಕೊಟ್ಟರೆ ಹೆಡ್ ಮೇಡಂ ನೋಡ್ತಾರೆ, ಆದರೆ ಹತ್ತನೇ ತರಗತಿಯ ನೋಂದಣಿಗೆ ಮುಂಚೆ ಆಗಬೇಕು ಅಂತ. ಯೋಚನೆ ಮಾಡಿ ಹೇಳು ಅಂದೆ.

ನಿನ್ನೆ ಬಂದು ಹೇಳಿದ. ಹಾಜರಿಯಲ್ಲಿ ಹುಸೇನಪ್ಪ ಅಂತಲೇ ಕರೀರಿ ಮಿಸ್, ಅಜ್ಜಿಗೆ ಗೊತ್ತಾದರೆ ಬೈತಾಳೆ. ಕಬಡ್ಡಿ ಟೀಮಲ್ಲಿ ಮಾತ್ರ ಹರ್ಷ. ಅರ್ಜಿ ಬಗ್ಗೆ ಕೇಳಿದೆ. "ಅದು ನನ್ನ ಹತ್ತಿರವೇ ಇರಲಿ" ಅಂದು ಓಡಿಹೋದ.

---

ಪಾಪು_ಅಪ್ಪ

ತೊಟ್ಟಿಲು ಮುಗಿಯಿತು. ಕಿವಿಯಲ್ಲಿ ಹೇಳಿದ್ದು ಕುಮುದಾ. ಆದರೆ ನಮ್ಮಮ್ಮ ಗೌರಿ ಅಂತಾರೆ, ಅತ್ತೆ ಚಿನ್ನಮ್ಮ ಅಂತಾರೆ, ಇವಳು ಬೊಂಬೆ ಅಂತಾಳೆ. ಯಾವುದಕ್ಕೂ ಪಾಪು ತಿರುಗಿ ನೋಡಲ್ಲ. ಜನನ ಪತ್ರ ಇನ್ನೂ ಖಾಲಿ ಇದೆ, ಹನ್ನೊಂದು ತಿಂಗಳು ಬಾಕಿ.